ದಪ್ಪಕ್ಷರಗಳ ನಡುವೆ ಒಂದು ತೆಳ್ಳಗಿನ ಸಾಲು

ಇದು 2006ರಲ್ಲಿ ನಡೆದದ್ದು. ಆಗ ನಾನು ಹಳೇಕೋಟೆ ಹೋಬಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ವಯಸ್ಸು ಇಪ್ಪತ್ತೆಂಟು. ಹಿಂದಿನ ವರ್ಷ ಹಾಸನದಲ್ಲಿ ಐದು ದಿನದ ಕಂಪ್ಯೂಟರ್ ತರಬೇತಿ ಮುಗಿಸಿಕೊಂಡು ಬಂದಿದ್ದೆ. ನಮ್ಮ ಸುತ್ತಿನ ಹದಿನೈದು ಶಾಲೆಗಳಲ್ಲಿ ಆ ತರಬೇತಿಗೆ ಹೋಗಿದ್ದವನು ನಾನೊಬ್ಬನೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುತ್ತಾರಲ್ಲ, ನಾನು ಹಿಡಿದದ್ದು ಅಂಥದೇ ಕೊಡೆ. ಅದರಿಂದ ನೆಂದುಹೋದವರು ಬೇರೆಯವರು.

ಅವರ ಹೆಸರು ಪುಟ್ಟರಾಜು. ನಮ್ಮದೇ ಶಾಲೆಯ ಹಿರಿಯ ಮೇಷ್ಟ್ರು, ಪಕ್ಕದ ಹಳ್ಳಿಯ ರೈತರ ಮನೆಯವರು. ನಲವತ್ತನಾಲ್ಕು ವರ್ಷ. ತೆಳ್ಳಗಿನ ಆಳು, ಮೆತ್ತನೆಯ ಮಾತು. ತಮಗಿಂತ ಹದಿನಾರು ವರ್ಷ ಚಿಕ್ಕವನಾದ ನನ್ನನ್ನೂ ‘ಸಾ’ ಎಂದೇ ಕರೆಯುತ್ತಿದ್ದರು. ಹೊಳೆನರಸೀಪುರದ ಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಅವರ ಮಾತು ಕೇಳಿದರೆ ಒಳಗೊಳಗೇ ನಗು ಬರುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಶಾಲೆಯ ಅಂಗಳದಲ್ಲಿ ಅವರು ಒಂದು ನೆರಳು ಗಡಿಯಾರ ಮಾಡಿದ್ದರು. ಟೈರು ಕಳಚಿದ ಹಳೇ ಸೈಕಲ್ಲಿನ ರಿಮ್ಮು, ಅದರ ನಡುವೆ ಮುರಿದ ಕೊಡೆಯ ಕೋಲು. ಕೋಲು ಉತ್ತರ ದಿಕ್ಕಿಗೆ ಇಷ್ಟೇ ಕೋನದಲ್ಲಿ ವಾಲಿರಬೇಕು ಎಂದು ಅಟ್ಲಾಸು ನೋಡಿ ಲೆಕ್ಕ ಹಾಕಿ ನಿಲ್ಲಿಸಿದ್ದರು. ಮಕ್ಕಳು ಗಂಟೆಗೊಮ್ಮೆ ಹೋಗಿ ಕೋಲಿನ ನೆರಳು ಬಿದ್ದ ಕಡೆ ಸುಣ್ಣದ ಗುರುತು ಹಾಕುತ್ತಿದ್ದರು. ವರ್ಷವಿಡೀ ಹೀಗೆ ಬರೆದಿಟ್ಟ ಆರು ನೋಟ್ ಪುಸ್ತಕಗಳಿದ್ದವು. ನಮ್ಮ ಶಾಲೆಯ ಊಟದ ಗಂಟೆ ಬಾರಿಸುತ್ತಿದ್ದದ್ದು ಆ ನೆರಳು ನೋಡಿಕೊಂಡೇ. ಮೋಡ ಕವಿದ ದಿನ ಮಾತ್ರ ನನ್ನ ಕೈಗಡಿಯಾರಕ್ಕೆ ಬೆಲೆ.

ಆ ವರ್ಷ ಮಾರ್ಚ್‌ನಲ್ಲಿ ಶಾಲೆಗೊಂದು ಸುತ್ತೋಲೆ ಬಂತು. ಹೊರರಾಜ್ಯದ ಒಂದು ವಿಜ್ಞಾನ ಕಲಿಕಾ ಕೇಂದ್ರ ಹಳ್ಳಿ ಶಾಲೆಗಳ ಮೇಷ್ಟ್ರುಗಳಿಗೆ ಹತ್ತು ತಿಂಗಳ ವಿದ್ಯಾರ್ಥಿವೇತನ ಕೊಡುತ್ತದೆ, ಅಲ್ಲೇ ಇದ್ದು ಕಲಿಯಬೇಕು, ಇಲಾಖೆ ಅಷ್ಟು ದಿನ ರಜೆ ಕೊಡುತ್ತದೆ ಎಂದಿತ್ತು. ನಮ್ಮ ಜಿಲ್ಲೆಗೆ ಒಂದೇ ಒಂದು ಜಾಗ. ಅರ್ಜಿ ಹಾಕುವ ದಿನಕ್ಕೆ ನಲವತ್ತೈದು ತುಂಬಿರಬಾರದು. ಪುಟ್ಟರಾಜು ಮೇಷ್ಟ್ರಿಗೆ ಆ ಡಿಸೆಂಬರಿಗೆ ನಲವತ್ತೈದು ತುಂಬುತ್ತಿತ್ತು. ಅಂದರೆ ಅದು ಅವರ ಪಾಲಿಗೆ ಮೊದಲ ಸಲವೂ ಹೌದು, ಕೊನೆಯ ಸಲವೂ ಹೌದು.

ಅರ್ಜಿಯನ್ನು ಅಂಚೆಯಲ್ಲಿ ಕಳಿಸಬೇಕಿತ್ತು. ಆಯ್ಕೆಯ ವಿಷಯ ಮಾತ್ರ ಇಮೇಲ್‌ನಲ್ಲೇ ತಿಳಿಸುತ್ತೇವೆ ಎಂದು ಬರೆದಿದ್ದರು. ಅವರು ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬಂದರು.

“ಸಾ, ಇದ್ಯಾವ್ದೋ ಇಮೇಲು ಅಂತ ಕೇಳವ್ರೆ. ನಂಗೆಲ್ಲೈತೆ? ಸ್ಕೂಲ್ ಅಡ್ರೆಸ್ಸೇ ಬರ್ದುಬಿಡ್ಲಾ?”

“ಮೇಷ್ಟ್ರೇ, ಈ ಕಾಲದಲ್ಲಿ ಯಾರಾದ್ರೂ ಕಾಗದ ಕಾಯ್ತಾ ಕೂತ್ಕೋತಾರಾ? ನಾನಿಲ್ವಾ? ಎಲ್ಲಾ ನಾನು ನೋಡ್ಕೋತೀನಿ ಬಿಡಿ” ಎಂದೆ.

ಆ ಮಾತನ್ನು ನಾನೇ ಹೇಳಿದ್ದು. ಯಾರೂ ನನ್ನ ಬಾಯಿಂದ ಹೇಳಿಸಲಿಲ್ಲ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಇಬ್ಬರೂ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಶಶಿಕಲಾ ಎಂಬುವರು ಸೈಬರ್ ಸೆಂಟರ್ ಇಟ್ಟಿದ್ದರು. ನಾಲ್ಕು ಕಂಪ್ಯೂಟರು, ನಡುವೆ ಪ್ಲೈವುಡ್ ಅಡ್ಡಗಟ್ಟೆ, ಮೇಲೊಂದು ಕಿರುಗುಡುವ ಫ್ಯಾನು. ಅಲ್ಲಿ ಕೂತು ಮೇಷ್ಟ್ರ ಹೆಸರಿನಲ್ಲಿ ಒಂದು ಖಾತೆ ತೆರೆದೆ. ಪಾಸ್‌ವರ್ಡ್ ನಾನೇ ಇಟ್ಟು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಆಮೇಲೆ ಪಾಠ ಶುರುಮಾಡಿದೆ.

“ನೋಡಿ ಮೇಷ್ಟ್ರೇ, ಇದು ಇನ್‌ಬಾಕ್ಸ್. ಬಂದ ಕಾಗದವೆಲ್ಲ ಇಲ್ಲಿರುತ್ತೆ. ಇನ್ನೂ ಓದದೇ ಇರೋದು ದಪ್ಪಕ್ಷರದಲ್ಲಿ ಕಾಣುತ್ತೆ. ಒಂದು ಸಲ ತೆರೆದು ಓದಿದ್ರೆ ತೆಳ್ಳಗಾಗಿಬಿಡುತ್ತೆ. ಪಕ್ಕದಲ್ಲಿರೋ ಅಂಕಿ ಇನ್ನೂ ಎಷ್ಟು ಓದಿಲ್ಲ ಅನ್ನೋ ಲೆಕ್ಕ.”

“ಎಲಾ ಇದರ! ಓದಿದ್ದು ಬಿಟ್ಟಿದ್ದು ಅದಕ್ಕೆ ತಿಳೀತದೆ ಅನ್ನಿ” ಎಂದು ಮೇಷ್ಟ್ರು ತಲೆದೂಗಿದರು. ಕೆಳಗೆ ಸ್ಪ್ಯಾಮ್ ಎಂದಿದ್ದದ್ದನ್ನು ತೋರಿಸಿ ಅದೇನು ಎಂದು ಕೇಳಿದರು.

“ಅದು ಕಸದ ಡಬ್ಬಿ. ಲಾಟರಿ ಹೊಡೆದಿದೆ, ಔಷಧಿ ಕೊಳ್ಳಿ ಅಂತ ಬರೋ ಮೋಸದ ಕಾಗದಗಳನ್ನ ಕಂಪ್ಯೂಟರೇ ಆರಿಸಿ ಅಲ್ಲಿಗೆ ಹಾಕುತ್ತೆ. ಅದನ್ನ ಮುಟ್ಟಲೇಬಾರದು. ವೈರಸ್ ಬರುತ್ತೆ” ಎಂದೆ. ತರಬೇತಿಯಲ್ಲಿ ನಮಗೆ ಹೇಳಿದ್ದು ಅಪರಿಚಿತರ ಕಾಗದದ ಜೊತೆ ಬರುವ ಕಡತ ತೆರೆಯುವಾಗ ಜೋಪಾನ ಎಂದು ಅಷ್ಟೇ. ನಾನು ನನ್ನ ನೋಟ್ ಪುಸ್ತಕದಲ್ಲಿ ‘ಸ್ಪ್ಯಾಮ್ – ತೆರೆಯಬಾರದು’ ಎಂದು ಬರೆದು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದುಕೊಂಡಿದ್ದೆ.

ಅರ್ಜಿಯ ಜೊತೆ ಆರು ನೋಟ್ ಪುಸ್ತಕಗಳಲ್ಲಿ ಎರಡನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು. ಜುಲೈನಲ್ಲಿ ಫಲಿತಾಂಶ ಎಂದು ಸುತ್ತೋಲೆಯಲ್ಲಿತ್ತು. ಆಯ್ಕೆಯಾದರೆ ಒಪ್ಪಿಗೆಯ ಉತ್ತರದ ಜೊತೆ ಇಲಾಖೆಯ ಅನುಮತಿ ಪತ್ರ, ಡಾಕ್ಟರ ಸರ್ಟಿಫಿಕೇಟ್ ಕಳಿಸಬೇಕಿತ್ತು. ಮೇಷ್ಟ್ರು ಜೂನ್ ತಿಂಗಳಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸರ್ಟಿಫಿಕೇಟ್ ಮಾಡಿಸಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು. ಮಳೆ ಬರಲಿ ಬಿಡಲಿ, ಪ್ರತಿ ಶನಿವಾರ ಆ ಕವರು ಅವರ ಕಂಕುಳಲ್ಲಿ ಇರುತ್ತಿತ್ತು. ಬಂದದ್ದೇ ತಡ ಅಲ್ಲಿಂದಲೇ ಕಳಿಸಿಬಿಡಬಹುದಲ್ಲ ಎಂದು.

ಜುಲೈ ಇಡೀ ಶನಿವಾರ ಶನಿವಾರ ಹೋದೆವು. ನಾನು ಕುರ್ಚಿಯಲ್ಲಿ, ಅವರು ಪಕ್ಕದ ಸ್ಟೂಲಿನಲ್ಲಿ. ಇನ್‌ಬಾಕ್ಸ್ ತೆರೆಯುವುದು, “ಏನೂ ಬಂದಿಲ್ಲ ಮೇಷ್ಟ್ರೇ” ಎನ್ನುವುದು, ಮುಚ್ಚುವುದು. ಎರಡು ನಿಮಿಷದ ಕೆಲಸ. ಉಳಿದ ಅರ್ಧ ಗಂಟೆ ನಾನು ನನ್ನ ಖಾತೆ ನೋಡಿಕೊಳ್ಳುತ್ತಿದ್ದೆ, ಅವರು ಸುಮ್ಮನೆ ಕಾಯುತ್ತಿದ್ದರು.

ಮೂರನೇ ಶನಿವಾರ ಅವರು ತೆರೆಯ ಮೇಲೆ ಬೆರಳಿಟ್ಟರು. “ಸಾ, ಈ ಕೆಳಗಿನ ಡಬ್ಬೀಲಿ ಹೋದ್ ವಾರ ಮೂವತ್ತೊಂದು ಅಂತಿತ್ತು. ಈಗ ಮೂವತ್ತೆಂಟಾಗೈತೆ. ಯಾರೋ ನಂಗೆ ಕಾಗ್ದ ಬರೀತಾ ಅವ್ರಲ್ಲ?”

ನೆರಳಿನ ಲೆಕ್ಕ ಬರೆಯುವ ಮನುಷ್ಯ, ಅಂಕಿ ಬದಲಾದದ್ದು ಕಣ್ಣಿಗೆ ಬಿದ್ದಿತ್ತು. ನಾನು ನಕ್ಕೆ. “ಅದು ಎಲ್ಲರಿಗೂ ಹಂಗೇ ಬರುತ್ತೆ. ನೀವು ತಲೆ ಕೆಡಿಸ್ಕೋಬೇಡಿ” ಎಂದು ಮುಚ್ಚಿಬಿಟ್ಟೆ.

ಅಷ್ಟರಲ್ಲೇ ಆಗಿದ್ದರೆ ಇದನ್ನು ಒಂದು ತಪ್ಪು ತಿಳಿವಳಿಕೆ ಎನ್ನಬಹುದಿತ್ತು. ಆ ತಿಂಗಳ ಕೊನೆಯಲ್ಲಿ ನಮ್ಮ ಸುತ್ತಿನ ಶಾಲೆಗಳ ಮೇಷ್ಟ್ರುಗಳ ಮಾಸಿಕ ಸಭೆ ಇತ್ತು. ಇಮೇಲ್ ಬಗ್ಗೆ ಒಂದು ಗಂಟೆ ಹೇಳಿ ಎಂದು ನನ್ನನ್ನು ನಿಲ್ಲಿಸಿದರು. ಕಂಪ್ಯೂಟರ್ ಎಲ್ಲಿಂದ ಬರಬೇಕು? ಕರಿಹಲಗೆಯ ಮೇಲೆ ಒಂದು ಚೌಕ ಬರೆದು ಇನ್‌ಬಾಕ್ಸ್ ಎಂದೆ, ಇನ್ನೊಂದು ಬರೆದು ಸ್ಪ್ಯಾಮ್ ಎಂದೆ, ಅದರ ಮೇಲೆ ದೊಡ್ಡದಾಗಿ ಗುಣಾಕಾರದ ಚಿಹ್ನೆ ಹಾಕಿದೆ. ಹಿಂದಿನ ಬೆಂಚಿನಿಂದ ಪುಟ್ಟರಾಜು ಮೇಷ್ಟ್ರು ಎದ್ದುನಿಂತರು.

“ಸಾ, ಒಂದ್ ಮಾತು. ಪೋಸ್ಟಾಫೀಸ್ನಲ್ಲೂ ಅಡ್ರೆಸ್ ತಿಳೀದ ಕಾಗ್ದನ ಒಂದ್ ಮೂಲೇಲಿ ಹಾಕ್ತಾರೆ. ಕೇಳ್ಕೊಂಡು ಹೋದ್ರೆ ಒಂದೊಂದ್ ಸಲ ನಮ್ದೂ ಅಲ್ಲೇ ಸಿಕ್ತದೆ. ಅಂಗೆ ಈ ಡಬ್ಬೀಲೂ ಒಳ್ಳೇ ಕಾಗ್ದ ತಪ್ಪಿ ಬಿದ್ದಿದ್ರೆ?”

ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಆ ದಿನ ಯಾರೂ ಕೇಳಿರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

“ಮೇಷ್ಟ್ರೇ, ಅದು ಪೋಸ್ಟಾಫೀಸಲ್ಲ, ಕಂಪ್ಯೂಟರು! ನೀವು ತಿಪ್ಪೆ ಕೆದಕೋ ಕೆಲಸ ಬಿಟ್ಟು ಮೊದಲು ಮೌಸ್ ಹಿಡಿಯೋದು ಕಲೀರಿ” ಎಂದೆ. ಇಡೀ ಕೊಠಡಿ ಗೊಳ್ಳೆಂದಿತು. ಮೇಷ್ಟ್ರೂ ಎಲ್ಲರ ಜೊತೆ ನಕ್ಕು, ಪಂಚೆಯ ಹಿಂಬದಿ ಸರಿಮಾಡಿಕೊಂಡು ಕೂತರು. ಆಮೇಲೆ ಅವರು ಆ ಡಬ್ಬಿಯ ಮಾತೆತ್ತಲಿಲ್ಲ.

ಆಗಸ್ಟ್ ಬಂತು. “ಈ ಸಲ ಆಗ್ಲಿಲ್ಲ ಅಂತ ಕಾಣ್ತದೆ” ಎಂದು ಅವರೇ ಹೇಳಿದರು. ಶನಿವಾರ ಬರುವುದನ್ನೂ ನಿಲ್ಲಿಸಿದರು.

ಸ್ವಾತಂತ್ರ್ಯ ದಿನಾಚರಣೆ ಕಳೆದ ಎರಡು ದಿನಕ್ಕೆ ನನಗೆ ಹಾಸನದಲ್ಲಿ ಇನ್ನೊಂದು ತರಬೇತಿ ಇತ್ತು. ಅಲ್ಲಿ ಊಟದ ಸಾಲಿನಲ್ಲಿ ಅರಕಲಗೂಡಿನ ಕಡೆಯ ಮೇಡಂ ಒಬ್ಬರ ಪರಿಚಯವಾಯಿತು. ಹೆಸರು ಗಿರಿಜಾ. ನಾನು ಯಾವ ಶಾಲೆ ಎಂದು ಹೇಳಿದ ಕೂಡಲೇ ಅವರ ಮುಖ ಅರಳಿತು.

“ಅಯ್ಯೋ, ಪುಟ್ಟರಾಜು ಅನ್ನೋ ಮೇಷ್ಟ್ರು ನಿಮ್ ಶಾಲೆಯವ್ರೇ ಅಲ್ವಾ? ಅವ್ರು ಯಾಕ್ ಸಾ ಬೇಡ ಅಂದ್ಬುಟ್ರು? ಮೊದಲ್ನೇ ಹೆಸರು ಅವ್ರದ್ದೇ ಇತ್ತಂತೆ. ಅವ್ರು ಉತ್ರಾನೇ ಕೊಡ್ಲಿಲ್ಲ ಅಂತ ಕಾಯೋ ಪಟ್ಟೀಲಿದ್ದ ನಂಗೆ ಕೊಟ್ರು. ಸೆಪ್ಟೆಂಬರ್ ಒಂದಕ್ಕೆ ಹೊರಡ್ತಾ ಇದೀನಿ.”

“ಅವರಿಗೆ ಕಾಗದವೇ ಬರಲಿಲ್ಲ” ಎಂದೆ.

“ಸ್ಪ್ಯಾಮ್ ನೋಡಿದ್ರಾ ಸಾ? ನಂದೂ ಅಲ್ಲೇ ಬಿದ್ದಿತ್ತು ಕಣ್ರೀ! ನಮ್ಮಕ್ಕನ ಮಗಳು ಕಾಲೇಜ್ ಓದ್ತಾಳೆ, ಅವಳು ವಾರಕ್ಕೊಂದ್ಸಲ ಅದನ್ನೂ ನೋಡ್ತಾಳೆ. ಅಭಿನಂದನೆ ಅಂತ ಮೇಲ್ಗಡೆ ಎಲ್ಲಾ ದೊಡ್ಡಕ್ಷರದಲ್ಲಿ ಬರ್ದು ಆಶ್ಚರ್ಯಸೂಚಕ ಬೇರೆ ಹಾಕವ್ರೆ. ಒಂದೇ ಕಾಗ್ದನ ಹತ್ತಾರು ಜನಕ್ಕೆ ಒಟ್ಟಿಗೆ ಕಳ್ಸವ್ರೆ. ಜೊತೇಲಿ ಫಾರಂ ಒಂದು ಅಂಟ್ಸವ್ರೆ. ಲಾಟರಿಯೋರು ಬರೆಯೋದೂ ಹಂಗೇ ಅಲ್ವಾ, ಅದಕ್ಕೇ ಕಂಪ್ಯೂಟರು ಅದನ್ನೂ ಮೋಸ ಅನ್ಕೊಂಡ್ತಂತೆ.”

ಮಧ್ಯಾಹ್ನದ ತರಗತಿ ಬಿಟ್ಟು ಹಾಸನದಲ್ಲೇ ಒಂದು ಸೈಬರ್ ಹುಡುಕಿಕೊಂಡು ಹೋದೆ. ಮೇಷ್ಟ್ರ ಪಾಸ್‌ವರ್ಡ್ ನನಗೆ ಬಾಯಿಪಾಠವಿತ್ತು. ಮೊದಲ ಸಲ ಸ್ಪ್ಯಾಮ್ ಒತ್ತಿದೆ. ಸಾಲುಸಾಲು ದಪ್ಪಕ್ಷರಗಳು. ಲಾಟರಿ, ಸಾಲ, ತೂಕ ಇಳಿಸುವ ಮಾತ್ರೆ. ಅವುಗಳ ನಡುವೆ ಆ ಸಂಸ್ಥೆಯ ಹೆಸರಿನ ಎರಡು ಸಾಲು.

ಮೊದಲನೆಯದು ಜುಲೈ ಇಪ್ಪತ್ತರದ್ದು, ನೆನಪಿನ ಓಲೆ. ‘ಈ ತಿಂಗಳ ಮೊದಲ ವಾರ ನಿಮಗೆ ಆಯ್ಕೆಯ ಪತ್ರ ಕಳಿಸಿದ್ದೆವು, ಉತ್ತರ ಬಂದಿಲ್ಲ, ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಿ’ ಎಂದಿತ್ತು. ಆ ಆಯ್ಕೆಯ ಪತ್ರವನ್ನು ಹುಡುಕಿದೆ. ಸಿಗಲಿಲ್ಲ. ಪುಟದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಕಾರಣ ಬರೆದಿತ್ತು: ಇಲ್ಲಿರುವ ಕಾಗದಗಳು ಮೂವತ್ತು ದಿನ ಕಳೆದರೆ ತಾವಾಗಿ ಅಳಿಸಿಹೋಗುತ್ತವೆ. ಮೇಷ್ಟ್ರು ಮೂವತ್ತೊಂದು, ಮೂವತ್ತೆಂಟು ಎಂದು ಎಣಿಸಿದ್ದರಲ್ಲ, ಆಗ ಆ ಪತ್ರ ಅಲ್ಲೇ ಇತ್ತು. ನನ್ನ ಬೆರಳು ಮೌಸಿನ ಮೇಲೇ ಇತ್ತು. ಒಂದು ಸಲ ತೆರೆದು ‘ಇದು ಸ್ಪ್ಯಾಮ್ ಅಲ್ಲ’ ಎಂಬುದನ್ನು ಒತ್ತಿದ್ದರೆ ಆ ಪತ್ರ ಇನ್‌ಬಾಕ್ಸಿಗೆ ಬರುತ್ತಿತ್ತು, ಮುಂದಿನದೂ ಅಲ್ಲಿಗೇ ಬರುತ್ತಿತ್ತು.

ಎರಡನೆಯದು ಆಗಸ್ಟ್ ಮೂರರದ್ದು. ಅದರಲ್ಲಿ ನಾಲ್ಕೇ ಸಾಲು. ‘ನಿಮ್ಮಿಂದ ಉತ್ತರ ಬಾರದ ಕಾರಣ ಜಾಗವನ್ನು ಕಾಯುವ ಪಟ್ಟಿಯವರಿಗೆ ಕೊಟ್ಟಿದ್ದೇವೆ. ಆದರೆ ನಿಮ್ಮ ನೆರಳು ಗಡಿಯಾರದ ಪುಸ್ತಕಗಳನ್ನು ನಾವೆಲ್ಲ ಮೆಚ್ಚಿದ್ದೇವೆ. ತಪ್ಪಿಸಲಾಗದ ಕಾರಣದಿಂದ ಉತ್ತರಿಸಲು ಆಗದಿದ್ದರೆ ಆಗಸ್ಟ್ ಇಪ್ಪತ್ತರೊಳಗೆ ಒಂದು ಸಾಲು ಬರೆಯಿರಿ. ವಯಸ್ಸಿನ ಮಿತಿ ನೋಡದೆ ನಿಮ್ಮ ಹೆಸರನ್ನು ಮುಂದಿನ ವರ್ಷದ ತಂಡಕ್ಕೆ ಇಟ್ಟುಕೊಳ್ಳುತ್ತೇವೆ.’

ಆವತ್ತು ಆಗಸ್ಟ್ ಹದಿನೇಳು. ಇನ್ನೂ ಮೂರು ದಿನ ಇತ್ತು.

ಓದುವವರು ಈಗ, ಸರಿ, ಬರೆದುಬಿಟ್ಟೆಯಲ್ಲ, ಎನ್ನಬಹುದು. ಬರೆಯಲಿಲ್ಲ. ಇದನ್ನೇ ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಉತ್ತರ ಬರೆಯಬೇಕಾದರೆ ಮೇಷ್ಟ್ರಿಗೆ ಹೇಳಬೇಕಿತ್ತು. ಹೇಳಿದರೆ ಆ ಸಭೆಯಲ್ಲಿ ನಕ್ಕ ಇಪ್ಪತ್ತೈದು ಜನಕ್ಕೂ ಗೊತ್ತಾಗುತ್ತಿತ್ತು. ತಿಪ್ಪೆ ಕೆದಕಬೇಡಿ ಎಂದವನು ಅದೇ ತಿಪ್ಪೆಯಲ್ಲಿ ಅವರ ಜಾಗ ಕೊಳೆಯಲು ಬಿಟ್ಟ ಎಂದು ಆಡಿಕೊಳ್ಳುತ್ತಿದ್ದರು. ನಾಳೆ ಹೇಳೋಣ ಎಂದುಕೊಂಡು ಖಾತೆ ಮುಚ್ಚಿದೆ.

ಮರುದಿನ ಶಾಲೆಯಲ್ಲಿ ಅವರು ಏಳನೇ ತರಗತಿಯ ಮಕ್ಕಳನ್ನು ನೆರಳಿನ ಸುತ್ತ ನಿಲ್ಲಿಸಿಕೊಂಡಿದ್ದರು. ನನ್ನನ್ನು ಕಂಡು, “ಟ್ರೇನಿಂಗ್ ಚೆನ್ನಾಗಿತ್ತಾ ಸಾ?” ಎಂದರು. ಚೆನ್ನಾಗಿತ್ತು ಎಂದೆ. ಬಾಯಿ ಅಲ್ಲಿಗೇ ನಿಂತಿತು. ಶನಿವಾರ ಕಳೆಯಿತು, ಭಾನುವಾರ ಬಂತು. ಇಪ್ಪತ್ತನೇ ತಾರೀಖು ನಾನು ಮನೆಯಲ್ಲೇ ಇದ್ದೆ. ಸೈಬರ್ ಸೆಂಟರ್ ಕಾಲು ಗಂಟೆಯ ನಡಿಗೆ. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಬಂದು ವಾಪಸು ಹೋಗಿ ಕೂತೆ.

ಆಮೇಲೆ ನನ್ನ ಬುದ್ಧಿ ಇನ್ನೂ ಕೆಳಗಿಳಿಯಿತು. ಆ ಕಾಗದಗಳನ್ನು ಅಳಿಸಿಬಿಡೋಣ ಎನ್ನಿಸಿತು, ಧೈರ್ಯ ಬರಲಿಲ್ಲ. ಆದರೆ ಮೂವತ್ತು ದಿನದ ಲೆಕ್ಕ ನೆನಪಿತ್ತು. ನೆನಪಿನ ಓಲೆ ಆಗಲೇ ತಾನಾಗಿ ಹೋಗಿರಬೇಕು. ಕೊನೆಯದು ಸೆಪ್ಟೆಂಬರ್ ಮೊದಲ ವಾರ ಹೋಗುತ್ತದೆ. ನಾನು ಅಳಿಸಿದಂತೆಯೂ ಆಗುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಹೀಗೆ ಲೆಕ್ಕ ಹಾಕಿಕೊಂಡು ದಿನ ಎಣಿಸುತ್ತಾ ಇದ್ದೆ.

ಆಗಸ್ಟ್ ಕೊನೆಯ ಶನಿವಾರ ಶಾಲೆ ಬಿಟ್ಟಾಗ ಮೇಷ್ಟ್ರು ಬಸ್ಸಿನ ಹತ್ತಿರ ಬಂದು ನಿಂತರು. ಕಂಕುಳಲ್ಲಿ ಆ ಪ್ಲಾಸ್ಟಿಕ್ ಕವರು.

“ನಾನೂ ಬತ್ತೀನಿ ಸಾ. ಇವತ್ತು ಮೌಸು ನಾನೇ ಹಿಡೀತೀನಿ. ನೀವು ಪಕ್ಕದಾಗೆ ಕುಂತ್ಕಳಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನಗೆ ಬಸ್ಸಿನಲ್ಲಿ ಬೆವರು ಕಿತ್ತುಕೊಂಡಿತು. ಯಾಕೆ ಎಂದು ಕೇಳಲೂ ಇಲ್ಲ. ಅವರೂ ದಾರಿಯುದ್ದಕ್ಕೂ ಕಿಟಕಿಯಾಚೆ ಗದ್ದೆ ನೋಡುತ್ತಾ ಕೂತಿದ್ದರು.

ಶಶಿಕಲಾ ಅವರ ಸೈಬರಿನಲ್ಲಿ ಆ ದಿನ ಅವರು ಕುರ್ಚಿಯಲ್ಲಿ, ನಾನು ಸ್ಟೂಲಿನಲ್ಲಿ. ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಖಾತೆ ತೆರೆಯಿತು. ಮೌಸಿನ ಬಾಣ ಇನ್‌ಬಾಕ್ಸನ್ನು ದಾಟಿ ಕೆಳಗೆ ಹೋಯಿತು. ಸ್ಪ್ಯಾಮ್ ಮೇಲೆ ನಿಂತಿತು.

“ವೈರಸ್ ಬಂದ್ರೆ ಬರ್ಲಿ” ಎಂದು ಒತ್ತಿದರು.

ನೆನಪಿನ ಓಲೆ ಹೋಗಿತ್ತು. ಆಗಸ್ಟ್ ಮೂರರದ್ದು ಅಲ್ಲೇ ಇತ್ತು. ಅವರು ಬೆರಳನ್ನು ತೆರೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಸುತ್ತಾ ಬಂದು ಅದರ ಮೇಲೆ ನಿಲ್ಲಿಸಿದರು. ತೆರೆದರು. ಇಂಗ್ಲಿಷನ್ನು ನಿಧಾನವಾಗಿ, ಮಕ್ಕಳಿಗೆ ಓದಿಸುವ ಹಾಗೆ ಪದ ಬಿಡಿಸಿ ಓದಿದರು. ನೆರಳು ಗಡಿಯಾರ ಎಂದು ಬಂದ ಕಡೆ ಒಂದು ಕ್ಷಣ ನಿಂತರು. ಇಪ್ಪತ್ತನೇ ತಾರೀಖು ಎಂದು ಬಂದ ಕಡೆ ಗೋಡೆಯ ಕ್ಯಾಲೆಂಡರ್ ನೋಡಿದರು. ಆ ಸಾಲನ್ನು ಇನ್ನೊಂದು ಸಲ ಓದಿದರು.

ಜೇಬಿನಿಂದ ಒಂದು ಇನ್‌ಲ್ಯಾಂಡ್ ಕಾಗದ ತೆಗೆದು ನನ್ನ ಮುಂದಿಟ್ಟರು. ಗಿರಿಜಾ ಮೇಡಂ ಬರೆದದ್ದು. ‘ನಿಮ್ಮ ಜಾಗದಲ್ಲಿ ನಾನು ಹೋಗುತ್ತಿದ್ದೇನೆ, ನಿಮಗೆ ಪತ್ರ ಮುಟ್ಟಲೇ ಇಲ್ಲವೆಂದು ನಿಮ್ಮ ಶಾಲೆಯ ಮೇಷ್ಟ್ರು ಹಾಸನದಲ್ಲಿ ಹೇಳಿದರು, ಕೇಳಿ ಬಹಳ ನೋವಾಯಿತು, ಸ್ಪ್ಯಾಮ್ ಒಂದು ಸಲ ನೋಡಿ’ ಎಂದಿತ್ತು.

ಗಿರಿಜಾ ಮೇಡಂ ಹೇಳಿದ್ದು ನಿಜ, ಆದರೆ ನಾನು ಸ್ಪ್ಯಾಮ್ ತೆರೆದು ನೋಡಲಿಲ್ಲ ಎಂದು ಹೇಳಿ ಪಾರಾಗಬಹುದು ಎಂದು ಆ ಗಳಿಗೆಯಲ್ಲೂ ನನ್ನ ತಲೆ ಓಡಿತು.

“ಅವರು ಹೇಳಿದ್ರು ಮೇಷ್ಟ್ರೇ. ನಾನು ನೋಡೋಣ ಅಂತಿದ್ದೆ, ಮರೆತೇಹೋಯ್ತು. ಇದು ಬಂದಿದೆ ಅಂತ ನನಗೂ ಈಗಲೇ ಗೊತ್ತಾಗಿದ್ದು” ಎಂದೆ.

ಮೇಷ್ಟ್ರು ತೆರೆಯ ಕಡೆಗೇ ನೋಡುತ್ತಿದ್ದರು. “ಸಾ, ಓದದೇ ಇರೋದು ದಪ್ಪಕ್ಷರ, ಓದಿದ್ದು ತೆಳ್ಳಗೆ. ನೀವೇ ಯೋಳ್ಕೊಟ್ಟಿದ್ದಲ್ವಾ?”

“ಹೌದು.”

“ನಾನ್ ತೆರೆಯೋಕೆ ಮುಂಚೆ ನೋಡ್ದೆ. ಮಿಕ್ಕಿದ್ದೆಲ್ಲಾ ದಪ್ಪಗಿತ್ತು. ಇದೊಂದೇ ತೆಳ್ಳಗಿತ್ತು.”

ಮೇಲೆ ಫ್ಯಾನು ಕಿರುಗುಡುತ್ತಿತ್ತು. ಪ್ಲೈವುಡ್ಡಿನ ಆಚೆ ಯಾರೋ ರೈಲ್ವೆ ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವರ ಪಾಸ್‌ವರ್ಡ್ ಗೊತ್ತಿದ್ದದ್ದು ಜಗತ್ತಿನಲ್ಲಿ ಇಬ್ಬರಿಗೆ. ಆ ಇಬ್ಬರೂ ಅಲ್ಲಿ ಅಕ್ಕಪಕ್ಕ ಕೂತಿದ್ದೆವು.

“ಯಾವತ್ತು ಓದಿದ್ರಿ?”

“ಹದಿನೇಳು” ಎಂದೆ.

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಮೂರು ಬೆರಳು. ಆ ಮೂರು ಬೆರಳನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಬಿಟ್ಟರು. “ಇದನ್ನ ಮುಚ್ಚಿ ಆಚೆ ಬರೋದು ಎಂಗೆ ಸಾ?” ಎಂದು ಕೇಳಿದರು. ತೋರಿಸಿದೆ. ಒತ್ತಿದರು. ಕವರನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದರು.

ಬಸ್‌ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋದೆ. “ಮೇಷ್ಟ್ರೇ, ತಪ್ಪಾಯ್ತು. ಬೈದುಬಿಡಿ” ಎಂದೆ. ಅವರ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದರು.

“ಅವತ್ತೇ ಬಂದು ಯೋಳಿದ್ರೆ ಬೈತಿದ್ದೆ ಸಾ. ಚೆನ್ನಾಗಿ ಬೈತಿದ್ದೆ. ಬೈದು ಮರ್ತ್‌ಬುಡ್ತಿದ್ದೆ.”

ಬಸ್ಸು ಹೊರಟಿತು.

ನಾನು ಸೈಬರಿಗೆ ವಾಪಸು ಹೋಗಿ ನನ್ನ ಖಾತೆಯಿಂದ ಆ ಸಂಸ್ಥೆಗೆ ಎಲ್ಲವನ್ನೂ ಬರೆದೆ. ತಪ್ಪು ಮೇಷ್ಟ್ರದ್ದಲ್ಲ, ನನ್ನದು, ದಯವಿಟ್ಟು ಮುಂದಿನ ವರ್ಷಕ್ಕೆ ಅವರ ಹೆಸರು ಇಟ್ಟುಕೊಳ್ಳಿ ಎಂದು ಬೇಡಿಕೊಂಡೆ. ನಾಲ್ಕು ದಿನಕ್ಕೆ ಉತ್ತರ ಬಂತು. ಮುಂದಿನ ವರ್ಷದ ಪಟ್ಟಿಯನ್ನು ಇಪ್ಪತ್ತೊಂದನೇ ತಾರೀಖೇ ಮುಗಿಸಿದ್ದೇವೆ, ವಿಷಾದಿಸುತ್ತೇವೆ ಎಂದು ಸೌಜನ್ಯದಿಂದಲೇ ಬರೆದಿದ್ದರು. ನಾನೇ ಮೊದಲು ಬರೆದ ವಿಳಾಸವಾದ್ದರಿಂದ ಆ ಉತ್ತರ ನೇರವಾಗಿ ಇನ್‌ಬಾಕ್ಸಿಗೇ ಬಂದಿತ್ತು.

ಸೋಮವಾರ ಶಾಲೆಗೆ ಹೋದಾಗ ಎಲ್ಲರಿಗೂ ಗೊತ್ತಾಗಿರುತ್ತದೆ ಎಂದುಕೊಂಡಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಾನು ಅಷ್ಟೆಲ್ಲ ಹೆದರಿದ್ದ ಆ ಅವಮಾನ ನನಗೆ ಕೊನೆಗೂ ಆಗಲೇ ಇಲ್ಲ. ಅದರ ಬೆಲೆಯನ್ನು ಮಾತ್ರ ಅವರು ತೆತ್ತಿದ್ದರು. ಮುಂದಿನ ಎರಡು ವರ್ಷ ಒಂದೇ ಶಾಲೆಯಲ್ಲಿದ್ದೆವು. ಮೊದಲಿನಂತೆ ಮಾತಾಡುತ್ತಿದ್ದರು, ‘ಸಾ’ ಎನ್ನುತ್ತಿದ್ದರು, ಮನೆಯಿಂದ ಎಳನೀರು ತಂದರೆ ನನಗೂ ಒಂದು ಇಡುತ್ತಿದ್ದರು. ಏನನ್ನಾದರೂ ನೋಡಿಕೊಡಿ ಎಂದು ಮಾತ್ರ ಮತ್ತೆ ಯಾವತ್ತೂ ಕೇಳಲಿಲ್ಲ.

2008ರಲ್ಲಿ ನನಗೆ ಚನ್ನರಾಯಪಟ್ಟಣದ ಕಡೆಗೆ ವರ್ಗವಾಯಿತು. ಆಮೇಲೆ ಎಷ್ಟೋ ತರಬೇತಿಗಳಲ್ಲಿ ನಾನೇ ಇಮೇಲ್ ಪಾಠ ಮಾಡಿದ್ದೇನೆ. ವಾರಕ್ಕೊಮ್ಮೆ ಸ್ಪ್ಯಾಮ್ ನೋಡಿ, ಒಳ್ಳೆಯ ಕಾಗದ ಕಂಡರೆ ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿ, ಮೂವತ್ತು ದಿನ ಮೀರಿದರೆ ಸಿಗುವುದಿಲ್ಲ ಎಂದು ತಪ್ಪದೆ ಹೇಳುತ್ತೇನೆ. ಇದು ನನಗೆ ಹೇಗೆ ಗೊತ್ತಾಯಿತು ಎಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಮೇಷ್ಟ್ರು ನಿವೃತ್ತರಾದ ದಿನ ಹೋಗಿದ್ದೆ. ಅಂಗಳದಲ್ಲಿ ಸೈಕಲ್ ರಿಮ್ಮು, ಕೊಡೆಯ ಕೋಲು ಹಾಗೇ ಇದ್ದವು. ಹಾರ ತುರಾಯಿ ಎಲ್ಲ ಮುಗಿದ ಮೇಲೆ ಅವರ ಕಾಲಿಗೆ ನಮಸ್ಕಾರ ಮಾಡಿದೆ. “ಚೆನ್ನಾಗಿರಿ ಸಾ” ಎಂದು ಬೆನ್ನು ತಟ್ಟಿದರು. ಬೈಯುತ್ತಾರೇನೋ ಎಂದು ಇನ್ನೊಂದು ಗಳಿಗೆ ತಲೆ ತಗ್ಗಿಸಿಕೊಂಡೇ ನಿಂತಿದ್ದೆ. ಬೈಯಲಿಲ್ಲ.